ಡಬ್ಬಿಯ ದೀಪ ಮಿನುಗುತ್ತದೆ, ಬಡ್ಸ್ ಏಕೆ ತುಂಬುವುದಿಲ್ಲ?

ಸ್ಟೇಷನ್ ರಸ್ತೆಯ ರಿಪೇರಿ ಅಂಗಡಿಗಳಿಗೆ ‘ಸತ್ತುಹೋಗಿವೆ’ ಎಂದು ಬರುವ ಇಯರ್‌ಬಡ್ಸ್‌ಗಳಲ್ಲಿ ಬ್ಯಾಟರಿ ಸತ್ತಿರಲೇಬೇಕೆಂದಿಲ್ಲ. ಕಿಸೆಯ ನೂಲಿನ ಎಳೆ, ಎರೆ ಭೂಮಿಯ ಧೂಳು, ಬೆವರಿನ ಉಪ್ಪು, ದ್ರಾಕ್ಷಿಯ ಅಂಟು ಸೇರಿ ಸಾಸಿವೆಗಿಂತ ಚಿಕ್ಕದಾದ ಲೋಹದ ಪಿನ್ನನ್ನು ಮುಚ್ಚಿಬಿಟ್ಟಿರುತ್ತವೆ. ಒರೆಸುವ ಮುನ್ನ ಅದು ಯಾವ ಕೊಳೆ ಎಂದು ಗುರುತಿಸಬೇಕು.

ಏಪ್ರಿಲ್ ತಿಂಗಳ ಮಧ್ಯಾಹ್ನ. ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಬಿಸಿಗಾಳಿ ಧೂಳನ್ನು ಎತ್ತಿ ಎತ್ತಿ ಒಗೆಯುತ್ತಿತ್ತು. ಗೋಳಗುಮ್ಮಟದ ಕಡೆ ಹೊರಟ ಟಂಟಂ ಗಾಡಿಗಳ ಸದ್ದಿನ ನಡುವೆ, ಅರ್ಧ ಶಟರ್ ಇಳಿಸಿದ್ದ ಒಂದು ಮೊಬೈಲ್ ರಿಪೇರಿ ಅಂಗಡಿಗೆ ತಿಕೋಟಾ ಕಡೆಯ ಹುಡುಗನೊಬ್ಬ ಬಂದ. ಒಣದ್ರಾಕ್ಷಿ ಶೆಡ್ಡಿನಲ್ಲಿ ಕೆಲಸ. ಜೀನ್ಸ್ ಕಿಸೆಯಿಂದ ಕಪ್ಪು ಡಬ್ಬಿಯೊಂದನ್ನು ತೆಗೆದು ಗಾಜಿನ ಮೇಲಿಟ್ಟ.

“ಅಣ್ಣಾರ, ಲೈಟ್ ಬರ್ತೈತ್ರಿ. ಮಿಣಕ್ ಮಿಣಕ್ ಅಂತೈತಿ. ರಾತ್ರಿಪೂರಾ ಚಾರ್ಜಿಗೆ ಹಾಕಿದ್ನಿ, ಮುಂಜಾನೆ ನೋಡಿದ್ರ ಎರಡೂ ಸತ್ತಾವ್ರಿ.”

ಅಂಗಡಿಯವರು ಡಬ್ಬಿಯನ್ನು ಚಾರ್ಜರ್‌ಗೆ ಹಚ್ಚಲಿಲ್ಲ. ಮುಚ್ಚಳ ತೆರೆದು, ಬಡ್ಸ್ ಹೊರಗಿಟ್ಟು, ಟೇಬಲ್ ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು, ಕಣ್ಣಿಗೆ ಭೂತಗನ್ನಡಿ ಹಿಡಿದು ಬಡ್ಸ್ ಕೂರುವ ಗುಂಡಿಯ ತಳ ನೋಡಿದರು.

“ಲೈಟ್ ನಂಬಬ್ಯಾಡ ತಮ್ಮಾ. ಲೈಟ್ ಡಬ್ಬೀದು, ಬಡ್ಸಿಂದಲ್ಲ. ಪಿನ್ ನೋಡು ಇಲ್ಲಿ.”

ದೀಪ ಹೇಳುವುದೇನು

ಆ ಅಂಗೈ ಅಗಲದ ಡಬ್ಬಿಯೊಳಗೆ ಮೂರು ಬ್ಯಾಟರಿಗಳಿವೆ. ಡಬ್ಬಿಯದು ದೊಡ್ಡದು, ಸಾಮಾನ್ಯವಾಗಿ 300ರಿಂದ 500 ಎಂಎಎಚ್. ಒಂದೊಂದು ಬಡ್‌ನೊಳಗಿರುವುದು ಅದರ ಹತ್ತನೇ ಒಂದು ಭಾಗ, 30ರಿಂದ 50 ಎಂಎಎಚ್. ಗೋಡೆಯ ಚಾರ್ಜರ್ ತುಂಬುವುದು ಡಬ್ಬಿಯ ಬ್ಯಾಟರಿಯನ್ನು. ಬಡ್ಸ್‌ಗಳನ್ನು ತುಂಬುವುದು ಡಬ್ಬಿಯ ಕೆಲಸ.

ಹೊರಗಿನ ದೀಪ ಬಹುತೇಕ ಡಬ್ಬಿಯ ಸ್ಥಿತಿಯನ್ನಷ್ಟೇ ಹೇಳುತ್ತದೆ. ಕರೆಂಟ್ ಬರುತ್ತಿದೆ, ಡಬ್ಬಿ ತುಂಬುತ್ತಿದೆ, ಮುಚ್ಚಳ ತೆರೆದಿದೆ, ಇಷ್ಟೇ. ಬಡ್ಸ್ ತುಂಬುತ್ತಿವೆಯೋ ಇಲ್ಲವೋ ತಿಳಿಯಲು ಬಡ್‌ನ ಮೈಮೇಲಿರುವ ಪುಟ್ಟ ದೀಪವನ್ನು ನೋಡಬೇಕು. ಅನೇಕ ಮಾದರಿಗಳಲ್ಲಿ ಗುಂಡಿಗೆ ಇಟ್ಟೊಡನೆ ಅದು ಕೆಂಪಗೆ ಹೊತ್ತಿಕೊಳ್ಳುತ್ತದೆ, ತುಂಬಿದ ಮೇಲೆ ಆರುತ್ತದೆ. ಬಡ್‌ನ ಮೇಲೆ ದೀಪವೇ ಇಲ್ಲದ ಮಾದರಿಯಾದರೆ ಫೋನಿನ ಬ್ಲೂಟೂತ್ ಪರದೆಯಲ್ಲಿ ಎಡ, ಬಲ ಎರಡರ ಶೇಕಡಾವಾರು ಬೇರೆಬೇರೆಯಾಗಿ ಕಾಣುತ್ತದೆಯೇ ನೋಡಿ.

ಡಬ್ಬಿಯಿಂದ ಬಡ್‌ಗೆ ವಿದ್ಯುತ್ ದಾಟುವ ದಾರಿ ಒಂದೇ. ಗುಂಡಿಯ ತಳದಲ್ಲಿ ಸ್ಪ್ರಿಂಗ್ ಮೇಲೆ ಕುಳಿತ ಎರಡು ಪಿನ್‌ಗಳಿವೆ, ಕೆಲವು ಮಾದರಿಗಳಲ್ಲಿ ಮೂರು. ರಿಪೇರಿಯವರು ಇವನ್ನು ‘ಪೋಗೊ ಪಿನ್’ ಎನ್ನುತ್ತಾರೆ. ಬಡ್‌ನ ಹೊಟ್ಟೆಯ ಮೇಲೆ ಅವಕ್ಕೆ ಸರಿಯಾಗಿ ಎರಡು ಚಪ್ಪಟೆ ಚುಕ್ಕೆಗಳು. ಆಯಸ್ಕಾಂತ ಬಡ್ಡನ್ನು ಕೆಳಗೆ ಎಳೆಯುತ್ತದೆ, ಸ್ಪ್ರಿಂಗ್ ಪಿನ್ನನ್ನು ಮೇಲೆ ದೂಡುತ್ತದೆ, ಚಿನ್ನದ ಲೇಪದ ಎರಡು ಮೈಗಳು ಒಂದನ್ನೊಂದು ಮುಟ್ಟುತ್ತವೆ. ಡಬ್ಬಿ ತನ್ನ 3.7 ವೋಲ್ಟ್ ಬ್ಯಾಟರಿಯಿಂದ ಸುಮಾರು 5 ವೋಲ್ಟ್ ಮಾಡಿ ಈ ಪಿನ್‌ಗಳಿಗೆ ಕೊಡುತ್ತದೆ. ಆ ಮುಟ್ಟುವ ಜಾಗ ಗುಂಡುಪಿನ್ನಿನ ತಲೆಯಷ್ಟೂ ಇಲ್ಲ. ಅಲ್ಲಿ ಒಂದು ನೂಲೆಳೆ ಸಿಕ್ಕಿದರೂ ದಾರಿ ಮುಚ್ಚಿತು.

ಮಿನುಗುವುದೇಕೆ

ಪೂರ್ತಿ ಮುಚ್ಚಿಹೋದರೆ ಕಥೆ ಸರಳ. ಬಡ್ ಒಳಗಿದೆ ಎಂದೇ ಡಬ್ಬಿಗೆ ಗೊತ್ತಾಗುವುದಿಲ್ಲ, ಪಿನ್‌ಗಳಿಗೆ ವಿದ್ಯುತ್ತನ್ನೂ ಬಿಡುವುದಿಲ್ಲ. ಜನರನ್ನು ಸತಾಯಿಸುವುದು ಅರೆಬರೆ ಮುಚ್ಚಿದ ಪಿನ್.

ಒಂದು ಲೆಕ್ಕ ಹಾಕೋಣ. ಬಡ್ 40 ಮಿಲಿಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಪಿನ್ ಸ್ವಚ್ಛವಾಗಿದ್ದರೆ ಅಲ್ಲಿನ ತಡೆ ಒಂದು ಓಮ್‌ಗಿಂತ ಕಡಿಮೆ, ವೋಲ್ಟೇಜ್ ನಷ್ಟ ಲೆಕ್ಕಕ್ಕಿಲ್ಲ. ಕೊಳೆ ಕುಳಿತು ತಡೆ 10 ಓಮ್ ಆದರೂ ಕಳೆಯುವುದು 0.4 ವೋಲ್ಟ್ ಮಾತ್ರ. 5ರಲ್ಲಿ 4.6 ಉಳಿಯಿತು, ಬಡ್ ತುಂಬುತ್ತದೆ. ತಡೆ 30 ಓಮ್‌ಗೆ ಏರಿದರೆ 1.2 ವೋಲ್ಟ್ ಅಲ್ಲೇ ಹೋಗುತ್ತದೆ, ಬಡ್‌ಗೆ ತಲುಪುವುದು 3.8. ಲಿಥಿಯಂ ಬ್ಯಾಟರಿ ಪೂರ್ತಿ ತುಂಬಲು 4.2 ವೋಲ್ಟ್ ಬೇಕು. ಹಾಗಾಗಿ ಬರಿದಾದ ಬಡ್ ಒಂದಿಷ್ಟು ತುಂಬಿಕೊಳ್ಳುತ್ತದೆ, ಆಮೇಲೆ ಕರೆಂಟ್ ಸಣ್ಣಗಾಗುತ್ತದೆ. ಕರೆಂಟ್ ಸಣ್ಣಗಾದರೆ ಬಡ್ ತುಂಬಿತು ಎಂದೇ ತಿಳಿಯುವಂತೆ ಅನೇಕ ಡಬ್ಬಿಗಳನ್ನು ಮಾಡಿದ್ದಾರೆ. ಡಬ್ಬಿ ಕೈಬಿಡುತ್ತದೆ. ‘ಅರ್ಧಕ್ಕೇ ನಿಲ್ತೈತ್ರಿ’ ಎಂಬ ದೂರಿಗೆ ಇದೂ ಒಂದು ಕಾರಣ.

ತಡೆ 100 ಓಮ್ ಆದಾಗ ಮಿನುಗಾಟ ಶುರು. ಬಡ್ ಕರೆಂಟ್ ಎಳೆಯಲು ಹೊರಡುತ್ತದೆ, ಆ ಕ್ಷಣವೇ ವೋಲ್ಟೇಜ್ ಕುಸಿಯುತ್ತದೆ, ಬಡ್‌ನ ಚಾರ್ಜಿಂಗ್ ಚಿಪ್ ನಿಂತುಬಿಡುತ್ತದೆ. ಎಳೆಯುವುದು ನಿಂತೊಡನೆ ವೋಲ್ಟೇಜ್ ಮತ್ತೆ 5ಕ್ಕೆ ಏರುತ್ತದೆ, ಚಿಪ್ ಮತ್ತೆ ಎಚ್ಚರಗೊಳ್ಳುತ್ತದೆ, ಮತ್ತೆ ಕುಸಿಯುತ್ತದೆ. ರಾತ್ರಿಯಿಡೀ ಇದೇ ನಡೆದು, ಬೆಳಿಗ್ಗೆ ಬಡ್ಸ್ ಖಾಲಿಯೇ ಇರುತ್ತವೆ, ಚಾರ್ಜರ್‌ಗೆ ಹಚ್ಚದಿದ್ದರೆ ಡಬ್ಬಿಯೂ ಇಳಿದಿರುತ್ತದೆ. ಹುಡುಗನ ಡಬ್ಬಿಯ ಒಂದು ಗುಂಡಿಯಲ್ಲಿ ಆಗಿದ್ದೂ ಇದೇ.

ಚೌಕಟ್ಟು: ಬೆರಳಿನ ಪರೀಕ್ಷೆ
*ಬಡ್ಡನ್ನು ಗುಂಡಿಗೆ ಇಟ್ಟು ಬೆರಳಿನಿಂದ ಮೆಲ್ಲಗೆ ಅದುಮಿ, ಸ್ವಲ್ಪ ಅತ್ತಿತ್ತ ಅಲ್ಲಾಡಿಸಿ. ಅದುಮಿದಾಗ ಬಡ್‌ನ ದೀಪ ಹೊತ್ತಿ, ಬಿಟ್ಟಾಗ ಆರಿದರೆ ಬ್ಯಾಟರಿ ಬಹುಶಃ ಚೆನ್ನಾಗಿದೆ, ದೋಷ ಪಿನ್ನಿನದು. ಒಂದೇ ಬಡ್‌ಗೆ ಹೀಗಾಗುತ್ತಿದ್ದರೆ ಆ ಬದಿಯ ಗುಂಡಿಯಲ್ಲಿ ಹುಡುಕಿ. ಎರಡಕ್ಕೂ ಒಂದೇ ದಿನ, ಒಟ್ಟಿಗೆ ಹೀಗಾದರೆ ಮೊದಲ ಅನುಮಾನ ಡಬ್ಬಿಯ ಮೇಲೆ, ಅದರ ಮುಚ್ಚಳದ ಮೇಲೆ ಇರಲಿ.*

ನೂಲು ಎಲ್ಲಿಂದ, ಧೂಳು ಎಲ್ಲಿಂದ

ಎಡ ಗುಂಡಿಯ ತಳದಲ್ಲಿ ನೀಲಿ ಬಣ್ಣದ ಒಂದು ತೆಳು ಬಿಲ್ಲೆ ಕುಳಿತಿತ್ತು. ಜೀನ್ಸ್ ಕಿಸೆಯೊಳಗಿನ ಅರಿವೆ ದಿನವೂ ಎಳೆ ಬಿಡುತ್ತದೆ. ಸಡಿಲ ಮುಚ್ಚಳದ ಸಂದಿಯಿಂದ ಆ ಎಳೆಗಳು ಒಳಗಿಳಿಯುತ್ತವೆ. ಬಡ್ ಇಟ್ಟಾಗಲೆಲ್ಲ ಅದು ಎಳೆಗಳನ್ನು ತಳಕ್ಕೆ ಒತ್ತುತ್ತದೆ. ದಿನಕ್ಕೆ ನಾಲ್ಕು ಬಾರಿ ಒತ್ತಿದರೆ ತಿಂಗಳಿಗೆ ನೂರಿಪ್ಪತ್ತು ಒತ್ತು. ಉದುರಾಗಿದ್ದ ಎಳೆ ಗಟ್ಟಿಯಾಗಿ, ತಳದ ಬಣ್ಣದೊಂದಿಗೇ ಬೆರೆತು, ಬರಿಗಣ್ಣಿಗೆ ಡಬ್ಬಿಯ ಪ್ಲಾಸ್ಟಿಕ್‌ನಂತೆಯೇ ಕಾಣುತ್ತದೆ. ಹತ್ತಿಯ ನೂಲು ಒಣಗಿದ್ದಾಗ ವಿದ್ಯುತ್ತನ್ನು ಬಿಡುವುದಿಲ್ಲ. ಅದು ಪಿನ್ನಿಗೂ ಚುಕ್ಕೆಗೂ ನಡುವೆ ತೆಳು ಪದರವಾಗಿ ಕುಳಿತರೂ ಸಾಕು, ಎರಡೂ ಮುಟ್ಟುವುದಿಲ್ಲ.

ನಮ್ಮ ಸೀಮೆಗೆ ಇನ್ನೊಂದು ವಿಶೇಷವಿದೆ. ವಿಜಯಪುರ, ತಿಕೋಟಾ, ಬಬಲೇಶ್ವರದ ಎರೆ ಮಣ್ಣು ದಖ್ಖನ್ನಿನ ಕಪ್ಪು ಬಸಾಲ್ಟ್ ಕಲ್ಲು ಶಿಥಿಲಗೊಂಡು ಆದದ್ದು. ಆ ಕಲ್ಲಿನಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ಕಣಗಳಿವೆ, ಮಣ್ಣಿನಲ್ಲೂ ಅವು ಉಳಿದಿವೆ. ಹೊಲದ ಒಣ ಮಣ್ಣಿನಲ್ಲಿ ಆಯಸ್ಕಾಂತವನ್ನು ಎಳೆದಾಡಿದರೆ ಅದರ ಮೈಗೆ ಕಪ್ಪು ಪುಡಿ ಹತ್ತಿಕೊಳ್ಳುವುದನ್ನು ಊರ ಮಕ್ಕಳು ಆಟವಾಡಿಯೇ ತಿಳಿದಿದ್ದಾರೆ. ಇಯರ್‌ಬಡ್ಸ್ ಡಬ್ಬಿಯಲ್ಲಿ ಬಡ್ ಹಿಡಿದಿಡಲು, ಮುಚ್ಚಳ ಮುಚ್ಚಲು ಆಯಸ್ಕಾಂತಗಳಿವೆಯಲ್ಲ, ಅವೂ ಇದನ್ನೇ ಮಾಡುತ್ತವೆ. ಗಾಳಿಯ ಧೂಳಿನಿಂದ ಈ ಕಣಗಳನ್ನು ಆರಿಸಿ ಎಳೆದು ಪಿನ್ನಿನ ಪಕ್ಕದಲ್ಲೇ ಕೂಡಿಡುತ್ತವೆ. ವೆಲ್ಡಿಂಗ್, ಗ್ರೈಂಡಿಂಗ್ ಕೆಲಸದವರ ಡಬ್ಬಿಗಳಲ್ಲಿ ಕಬ್ಬಿಣದ ಅರಪುಡಿ ಇದೇ ರೀತಿ ಮುಳ್ಳುಮುಳ್ಳಾಗಿ ನಿಲ್ಲುತ್ತದೆ. ಅದು ನೂಲಿಗಿಂತ ಕೆಟ್ಟದ್ದು, ಏಕೆಂದರೆ ಕಬ್ಬಿಣ ವಿದ್ಯುತ್ತನ್ನು ಬಿಡುತ್ತದೆ, ಎರಡು ಪಿನ್‌ಗಳ ನಡುವೆ ಸೇತುವೆ ಕಟ್ಟಿಬಿಡಬಲ್ಲದು.

ಈ ಪುಡಿಯನ್ನು ಬಾಯಿಂದ ಊದಿದರೆ ಹೋಗದು, ಉಗುಳಿನ ಹನಿಯೂ ಸೇರಿಕೊಳ್ಳುತ್ತದೆ. ಅಂಗಡಿಯವರು ಬಳಸಿದ್ದು ಒತ್ತಿ ಅಂಟಿಸಿ ಕೀಳುವ ಅಂಟುಮುದ್ದೆ. ಪೋಸ್ಟರ್ ಹಚ್ಚಲು ಸ್ಟೇಷನರಿ ಅಂಗಡಿಯಲ್ಲಿ ಸಿಗುವ, ಮತ್ತೆ ಮತ್ತೆ ಬಳಸುವ ಆ ಮುದ್ದೆಯ ಚೂರನ್ನು ಹಲ್ಲುಕಡ್ಡಿಯ ತುದಿಗೆ ಸುತ್ತಿ ತಳಕ್ಕೆ ಒತ್ತಿ ಎತ್ತಿದರೆ ಕಪ್ಪು ಪುಡಿ ಅದರೊಂದಿಗೆ ಬರುತ್ತದೆ.

ಬಲ ಗುಂಡಿಯ ಕಗ್ಗಂಟು

ಎಡಗಡೆಯದು ಬೇಗ ಮುಗಿಯಿತು. ಕಟ್ಟಿಗೆಯ ಹಲ್ಲುಕಡ್ಡಿಯಿಂದ ಬಿಲ್ಲೆಯ ಅಂಚನ್ನು ಎಬ್ಬಿಸಿ, ಅಂಟುಮುದ್ದೆಯಿಂದ ಎತ್ತಿ, ಮೆತ್ತನೆಯ ಬ್ರಷ್ ಆಡಿಸಿ ಬಡ್ ಇಟ್ಟೊಡನೆ ಕೆಂಪು ದೀಪ ಹೊತ್ತಿತು. ಬಲಗಡೆ ಹಾಗಾಗಲಿಲ್ಲ. ಅಲ್ಲಿ ನೂಲು ಕಡಿಮೆ ಇತ್ತು, ಆದರೆ ಪಿನ್‌ಗಳ ಸುತ್ತ ಕಂದು ಬಣ್ಣದ ಹೊಳೆಯುವ ಪೊರೆ. ಒಂದು ಪಿನ್ ಇನ್ನೊಂದಕ್ಕಿಂತ ಗಿಡ್ಡವಾಗಿ ಕಂಡಿತು.

ಮೊಬೈಲ್ ರಿಪೇರಿಯವರ ಬಳಿ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಬಾಟಲಿ ಇದ್ದೇ ಇರುತ್ತದೆ. ಅವರು ಹತ್ತಿಕಡ್ಡಿಗೆ ಎರಡು ಹನಿ ಹಾಕಿ ಒರೆಸಿದರು. ಕಿವಿಯ ಗುಗ್ಗೆ, ಕೈಯ ಜಿಡ್ಡು ಕರಗಿ ಹತ್ತಿ ಕಂದಾಯಿತು. ಬಡ್ ಇಟ್ಟರೆ ಮತ್ತೆ ಅದೇ ಮಿನುಗಾಟ. ಇನ್ನೊಮ್ಮೆ ಒರೆಸಿದರೂ ಪೊರೆ ಅಲ್ಲೇ ಇತ್ತು.

“ನೀ ದ್ರಾಕ್ಷಿ ಶೆಡ್ಡಿನ್ಯಾಗ ಏನ್ ಮಾಡ್ತಿ?”

“ಡಿಪ್ಪಿಂಗ್ ಮ್ಯಾಲ ಇರ್ತೀನ್ರಿ. ಹಂಗ ಕೈ ಒರಸ್ಕೊಂಡು ಹಾಡ ಹಚ್ಕೋತೀನ್ರಿ.”

ಗುಟ್ಟು ಅಲ್ಲೇ ಇತ್ತು. ದ್ರಾಕ್ಷಿ ಬೇಗ ಒಣಗಲೆಂದು ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದುತ್ತಾರೆ. ಆ ಎಣ್ಣೆಯ ಮುಖ್ಯ ಅಂಶ ಈಥೈಲ್ ಓಲಿಯೇಟ್. ಅದ್ದಿದ ಕೈಯಲ್ಲಿ ಈ ಎಣ್ಣೆ, ಆ ಲವಣ, ಜೊತೆಗೆ ಹಣ್ಣಿನ ಸಕ್ಕರೆ ಎಲ್ಲವೂ ಇರುತ್ತವೆ. ಎಣ್ಣೆಯನ್ನು ಆಲ್ಕೊಹಾಲ್ ತೆಗೆಯುತ್ತದೆ. ಆದರೆ ಸಕ್ಕರೆಯಾಗಲಿ, ಪೊಟ್ಯಾಸಿಯಂ ಕಾರ್ಬೊನೇಟ್ ಆಗಲಿ, ಬೆವರಿನ ಉಪ್ಪಾಗಲಿ ಗಟ್ಟಿ ಐಪಿಎಯಲ್ಲಿ ಕರಗುವುದಿಲ್ಲ. ಅವು ಕರಗುವುದು ನೀರಿನಲ್ಲಿ. ಐಪಿಎ ಬಾಟಲಿಯನ್ನು ಸರ್ವರೋಗಕ್ಕೂ ಮದ್ದೆಂದು ನಂಬಿದವರು ಎಡವುವುದು ಇಲ್ಲಿಯೇ. ಜಿಡ್ಡಿನ ಕೊಳೆಗೆ ಆಲ್ಕೊಹಾಲ್, ಸಿಹಿ ಮತ್ತು ಉಪ್ಪಿನ ಕೊಳೆಗೆ ನೀರು. ಎರಡೂ ಇದ್ದರೆ ಎರಡನ್ನೂ ಬಳಸಬೇಕು, ಕೊನೆಯದು ಆಲ್ಕೊಹಾಲ್ ಆಗಿರಬೇಕು.

ಪೊಟ್ಯಾಸಿಯಂ ಕಾರ್ಬೊನೇಟ್‌ಗೆ ಇನ್ನೊಂದು ಗುಣವಿದೆ. ಅದು ಗಾಳಿಯ ತೇವವನ್ನು ಎಳೆದುಕೊಂಡು ತಾನೇ ಒದ್ದೆಯಾಗುತ್ತದೆ. ಒದ್ದೆಯಾದ ಲವಣದ ಪೊರೆ ಎರಡು ಪಿನ್‌ಗಳ ನಡುವೆ ಹರಡಿದರೆ ಅಲ್ಲಿ ಸಣ್ಣ ಕರೆಂಟ್ ಸೋರಲು ಶುರುವಾಗುತ್ತದೆ. ಗುಂಡಿ ಖಾಲಿ ಇದ್ದರೂ ಬಡ್ ಇದೆ ಎಂದು ಡಬ್ಬಿ ಮೋಸಹೋಗುತ್ತದೆ, ದೀಪ ಆರುವುದೇ ಇಲ್ಲ. ಬಡ್ಸ್ ಹೊರಗಿಟ್ಟಾಗಲೂ ಡಬ್ಬಿ ತಾನಾಗಿಯೇ ಇಳಿಯುತ್ತಿದ್ದರೆ ಈ ಸೋರಿಕೆಯನ್ನು ಅನುಮಾನಿಸಬೇಕು.

ಸೋರಿಕೆಯೊಂದಿಗೆ ಸವೆತವೂ ನಡೆಯುತ್ತದೆ. ಪಿನ್ ಹಿತ್ತಾಳೆಯದು, ಮೇಲೆ ನಿಕ್ಕಲ್, ಅದರ ಮೇಲೆ ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಚಿನ್ನ. ಉಪ್ಪುನೀರಿನ ಪೊರೆಯ ಮೂಲಕ ಕರೆಂಟ್ ಹರಿದಾಗ ಧನ ಪಿನ್ನಿನ ಲೋಹ ಕರಗಿ ಹೊರಬರುತ್ತದೆ, ಚಿನ್ನದ ಲೇಪದ ಸಣ್ಣ ರಂಧ್ರಗಳಿಂದ ಒಳಗಿನ ತಾಮ್ರ ಹಸಿರಾಗಿ ಇಣುಕುತ್ತದೆ. ಎರಡು ಪಿನ್‌ಗಳಲ್ಲಿ ಒಂದು ಮಾತ್ರ ಹಸಿರು ಅಥವಾ ಕಪ್ಪಾಗಿದ್ದರೆ ಕಾರಣ ಇದೇ. ಬೆವರು ಹತ್ತಿದ ಬಡ್ಡನ್ನು ಒರೆಸದೆ ಡಬ್ಬಿಗೆ ಹಾಕುವವರೆಲ್ಲರ ಡಬ್ಬಿಯಲ್ಲೂ ಇದು ನಿಧಾನವಾಗಿ ನಡೆಯುತ್ತಿರುತ್ತದೆ, ದ್ರಾಕ್ಷಿ ಶೆಡ್ಡೇ ಆಗಬೇಕೆಂದಿಲ್ಲ.

ಅಂಗಡಿಯವರು ಹೊಸ ಹತ್ತಿಕಡ್ಡಿಯನ್ನು ಕುಡಿಯುವ ನೀರಿನಲ್ಲಿ ಅದ್ದಿ, ಬೆರಳುಗಳ ನಡುವೆ ಹಿಂಡಿ ಹಿಂಡಿ, ತೇವ ಮಾತ್ರ ಉಳಿಸಿಕೊಂಡರು. ಡಬ್ಬಿಯನ್ನು ಬೋರಲು ಹಿಡಿದು, ಕಡ್ಡಿಯನ್ನು ಕೆಳಗಿನಿಂದ ಮೇಲಕ್ಕೆ ತಾಗಿಸಿದರು, ನೀರು ಒಳಗಿಳಿಯಬಾರದೆಂದು. ಎರಡು ಕಡ್ಡಿ ಕಂದಾದವು, ಮೂರನೆಯದು ಬಿಳಿಯಾಗಿಯೇ ಬಂತು. ಆಮೇಲೆ ಐಪಿಎ ಕಡ್ಡಿ. ಅದು ಉಳಿದ ತೇವವನ್ನು ಹೀರಿಕೊಂಡು ಬೇಗ ಆರುತ್ತದೆ. ಬಡ್‌ನ ಚುಕ್ಕೆಗಳಿಗೂ ಅದೇ ಉಪಚಾರ.

ಗಿಡ್ಡ ಪಿನ್ ಇನ್ನೂ ಗಿಡ್ಡವೇ ಇತ್ತು. ಜಿಡ್ಡು ಒಳಗಿಳಿದು ಸ್ಪ್ರಿಂಗ್ ಹಿಡಿದುಕೊಂಡಿತ್ತು. ಅವರು ಐಪಿಎಯ ಒಂದು ಸಣ್ಣ ಹನಿಯನ್ನು ಪಿನ್ನಿನ ಬುಡಕ್ಕೆ ತಾಗಿಸಿ, ಕಟ್ಟಿಗೆ ಕಡ್ಡಿಯ ಮೊಂಡು ತುದಿಯಿಂದ ಪಿನ್ನನ್ನು ನೇರ ಕೆಳಕ್ಕೆ ಒತ್ತಿ ಬಿಟ್ಟರು. ಮತ್ತೆ ಒತ್ತಿದರು, ಬಿಟ್ಟರು. ಸ್ವಲ್ಪ ಹೊತ್ತಿಗೆ ಪಿನ್ ಟಣ್ಣನೆ ಮೇಲೆದ್ದು ಜೊತೆಗಾರನ ಎತ್ತರಕ್ಕೆ ಬಂತು. ಮುಚ್ಚಳ ತೆರೆದಿಟ್ಟು ಕಾಲು ಗಂಟೆ ಫ್ಯಾನ್ ಕೆಳಗೆ ಒಣಗಿಸಿ ಬಡ್ ಇಟ್ಟಾಗ ಬಲಗಡೆಯ ದೀಪವೂ ಹೊತ್ತಿತು, ಮಿನುಗದೆ ನಿಂತಿತು.

ಚೌಕಟ್ಟು: ಇವು ಬೇಡ
*ಸೂಜಿ, ಸೇಫ್ಟಿಪಿನ್, ಸಿಮ್ ತೆಗೆಯುವ ಕಡ್ಡಿ: ಡಬ್ಬಿಯ ಬ್ಯಾಟರಿ ಯಾವಾಗಲೂ ಜೀವಂತ, ಲೋಹ ತಾಗಿದರೆ ಎರಡು ಪಿನ್ ಶಾರ್ಟ್ ಆಗುತ್ತವೆ. ಉಪ್ಪುಕಾಗದ: ಹೊಳಪು ಬರುತ್ತದೆ, ಚಿನ್ನದ ಲೇಪ ಹೋಗುತ್ತದೆ, ಕೆಲವೇ ವಾರಗಳಲ್ಲಿ ಪಿನ್ ಮತ್ತೆ ಕಪ್ಪಾಗುತ್ತದೆ. ಸ್ಯಾನಿಟೈಸರ್: ಅದರಲ್ಲಿ ಗ್ಲಿಸರಿನ್ ಇರುವುದುಂಟು, ಅಂಟು ಉಳಿಯುತ್ತದೆ. ಪೆಟ್ರೋಲ್, ಥಿನ್ನರ್: ಪ್ಲಾಸ್ಟಿಕ್ ಮೆತ್ತಗಾಗುತ್ತದೆ.*

ಪಿನ್ ಸ್ವಚ್ಛವಿದ್ದೂ ತುಂಬದಿದ್ದರೆ

ಹೊಸದಾಗಿ ಕೊಂಡ ಬಡ್ಸ್ ಮೊದಲ ದಿನವೇ ತುಂಬದಿದ್ದರೆ ಚುಕ್ಕೆಗಳ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಉಳಿದಿದೆಯೇ ನೋಡಿ. ಸಾಗಾಟದಲ್ಲಿ ಬ್ಯಾಟರಿ ಇಳಿಯದಿರಲೆಂದು ಕಾರ್ಖಾನೆಯಲ್ಲೇ ಹಚ್ಚುವ ಹಾಳೆ ಅದು, ಪಾರದರ್ಶಕವಾದ್ದರಿಂದ ಕಣ್ಣು ತಪ್ಪುತ್ತದೆ. ಕಿವಿಗೆ ಹಾಕುವ ರಬ್ಬರ್ ಬದಲಿಸಿದ್ದರೆ ಅದರ ದಪ್ಪ ಬಡ್ಡನ್ನು ಎತ್ತಿ ಹಿಡಿದಿರಬಹುದು. ರಬ್ಬರ್ ತೆಗೆದು ಬಡ್ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಹೊರಗಿನ ಸಿಲಿಕಾನ್ ಕವರ್ ಮುಚ್ಚಳವನ್ನು ಪೂರ್ತಿ ಮುಚ್ಚಲು ಬಿಡದಿದ್ದರೂ ತೊಂದರೆಯೇ. ಅನೇಕ ಡಬ್ಬಿಗಳಲ್ಲಿ ಮುಚ್ಚಿದ್ದನ್ನು ತಿಳಿಸುವ ಸೆನ್ಸರ್ ಇದೆ, ಅದಕ್ಕೆ ಮುಚ್ಚಳದ ಆಯಸ್ಕಾಂತ ಹತ್ತಿರ ಬರಬೇಕು.

ಆರು ತಿಂಗಳು ಕಪಾಟಿನಲ್ಲಿ ಬಿಟ್ಟ ಬಡ್ಸ್‌ಗಳ ಕಥೆ ಬೇರೆ. ಬ್ಯಾಟರಿ 3 ವೋಲ್ಟ್‌ಗಿಂತ ಕೆಳಗೆ ಇಳಿದಾಗ ಚಾರ್ಜಿಂಗ್ ಚಿಪ್ ಮೊದಲು ಹನಿಹನಿಯಾಗಿ ಕರೆಂಟ್ ಬಿಡುತ್ತದೆ. ಅಷ್ಟು ಸಣ್ಣ ಕರೆಂಟನ್ನು ಡಬ್ಬಿ ಗುರುತಿಸದೆ ಕೈಬಿಡಬಹುದು. ಡಬ್ಬಿಯನ್ನು ಚಾರ್ಜರ್‌ಗೆ ಹಚ್ಚಿಟ್ಟು, ಬಡ್ಸ್ ಒಳಗಿಟ್ಟು, ಕಣ್ಣಳತೆಯಲ್ಲೇ ಎರಡು ಮೂರು ತಾಸು ಬಿಟ್ಟು ನೋಡಿ. ಆಗಲೂ ಎಚ್ಚರಗೊಳ್ಳದಿದ್ದರೆ ಆ ಬ್ಯಾಟರಿಯ ಆಸೆ ಬಿಡುವುದು ಒಳ್ಳೆಯದು.

ಮನೆಯಲ್ಲಿ ಮಲ್ಟಿಮೀಟರ್ ಇರುವವರಿಗೆ ಒಂದು ಎಚ್ಚರಿಕೆ. ಖಾಲಿ ಗುಂಡಿಯ ಪಿನ್‌ಗಳ ಮೇಲೆ ಸೊನ್ನೆ ತೋರಿಸಿತೆಂದು ಡಬ್ಬಿ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಬಡ್ ಇಲ್ಲದಾಗ ಅನೇಕ ಡಬ್ಬಿಗಳು 5 ವೋಲ್ಟ್ ಕೊಡುವುದೇ ಇಲ್ಲ, ಆಗಾಗ ಒಂದು ಕ್ಷಣ ಮಾತ್ರ ಪರೀಕ್ಷಿಸಿ ಸುಮ್ಮನಾಗುತ್ತವೆ. ಮುಚ್ಚಳ ತೆರೆದ ಆ ಕ್ಷಣದಲ್ಲಿ ಮುಳ್ಳು ಜಿಗಿದರೆ ಡಬ್ಬಿ ಬದುಕಿದೆ.

ಚೌಕಟ್ಟು: ಐಪಿಎಕ್ಸ್4 ಎಂದರೆ ಧೂಳು ತಡೆಯಲ್ಲ
*ಪೆಟ್ಟಿಗೆಯ ಮೇಲೆ ಬರೆದಿರುವ ಐಪಿ ಗುರುತಿನಲ್ಲಿ ಮೊದಲ ಜಾಗ ಧೂಳಿಗೆ, ಎರಡನೆಯದು ನೀರಿಗೆ. ಮೊದಲ ಜಾಗದಲ್ಲಿ ‘ಎಕ್ಸ್’ ಇದ್ದರೆ ಧೂಳಿನ ಮಟ್ಟವನ್ನು ಹೇಳಿಯೇ ಇಲ್ಲ ಎಂದರ್ಥ. 4 ಎಂದರೆ ಎಲ್ಲ ಕಡೆಯಿಂದ ಸಿಡಿಯುವ ನೀರನ್ನು ತಡೆಯುತ್ತದೆ. ಅದೂ ಬಹಳಷ್ಟು ಸಲ ಬಡ್ಸ್‌ಗೆ ಮಾತ್ರ ಅನ್ವಯ, ಡಬ್ಬಿಗೆ ಅಲ್ಲ.*

ಒಂದು ಸಂದರ್ಭದಲ್ಲಿ ಮಾತ್ರ ಪ್ರಯೋಗ ಬೇಡವೇ ಬೇಡ. ಡಬ್ಬಿಯ ಜೋಡಣೆ ಬಾಯಿ ಬಿಟ್ಟಿದ್ದರೆ, ಬಡ್‌ನ ಮೈ ಉಬ್ಬಿದ್ದರೆ, ಚಾರ್ಜಿಗೆ ಹಾಕಿದಾಗ ಕೈಗೆ ತಾಗಿಸಲಾಗದಷ್ಟು ಬಿಸಿಯಾದರೆ ಅದು ಬರೀ ಕೊಳೆಯ ದೋಷವಲ್ಲ, ಬ್ಯಾಟರಿ ಊದಿಕೊಂಡಿರಬಹುದು ಅಥವಾ ಕೆಟ್ಟಿರಬಹುದು. ಅದನ್ನು ಒತ್ತಬೇಡಿ, ಮತ್ತೆ ಚಾರ್ಜಿಗೆ ಹಚ್ಚಬೇಡಿ, ಕಿವಿಗಂತೂ ಹಾಕಲೇಬೇಡಿ. ತಿಪ್ಪೆಗೂ ಎಸೆಯಬೇಡಿ, ಕಸದೊಂದಿಗೆ ಬೆಂಕಿಗೆ ಬಿದ್ದರೆ ಅದು ಸಿಡಿಯುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಉಪಕರಣಗಳ ಮರುಬಳಕೆಯ ಹೊಣೆ ತಯಾರಕರ ಮೇಲಿದೆ.

ಉಳಿದ ಸಂದರ್ಭಗಳಲ್ಲಿ ಹೊಸ ಜೋಡಿ ಕೊಳ್ಳುವ ಮುನ್ನ ಹತ್ತಿಕಡ್ಡಿ, ಹಲ್ಲುಕಡ್ಡಿ, ಎರಡು ಹನಿ ಐಪಿಎ ಹಿಡಿದು ದೀಪದ ಕೆಳಗೆ ಕುಳಿತು ಗುಂಡಿಯ ತಳ ನೋಡಿ. ವಾರಂಟಿ ಇನ್ನೂ ಇದ್ದರೆ ಡಬ್ಬಿಯನ್ನು ಬಿಚ್ಚದೆ ಮೇಲಿನಿಂದ ಒಣ ಬ್ರಷ್ಷಿನಲ್ಲಷ್ಟೇ ಒರೆಸಿ ಸರ್ವಿಸ್ ಸೆಂಟರ್‌ಗೆ ಕೊಡಿ, ದ್ರವ ತಾಗಿದ ಗುರುತು ಕಂಡರೆ ಅಲ್ಲಿ ವಾರಂಟಿ ನಿರಾಕರಿಸುವುದುಂಟು. ಒಣದ್ರಾಕ್ಷಿ ಶೆಡ್ಡಿನಲ್ಲಿ, ಹೊಲದಲ್ಲಿ, ವೆಲ್ಡಿಂಗ್ ಅಂಗಡಿಯಲ್ಲಿ ದುಡಿಯುವವರು ಕೈ ತೊಳೆದು ಒರೆಸಿಕೊಂಡ ಮೇಲೆಯೇ ಬಡ್ಸ್ ಮುಟ್ಟಿ, ಬೆವರನ್ನು ಅರಿವೆಯಿಂದ ಒರೆಸಿ ಡಬ್ಬಿಗೆ ಇಡಿ, ಡಬ್ಬಿಯನ್ನು ಸಣ್ಣ ಜಿಪ್ ಚೀಲದಲ್ಲಿ ಹಾಕಿ ಕಿಸೆಗೆ ಇಳಿಸಿ.